ಮೆಷಿನ್ ತೋರಿಸಿದ ಮುಖಕ್ಕೆ ಮನುಷ್ಯ ಹಾಕುವ ಸಹಿ

ಹೋದ ವರ್ಷ ಪರಿಚಯದ ಹುಡುಗನೊಬ್ಬ ವಾಟ್ಸ್‌ಆ್ಯಪ್‌ನಲ್ಲಿ ಒಂದು ಫೋಟೋ ಕಳಿಸಿದ. ಫ್ರೀಡಂ ಪಾರ್ಕ್‌ನಲ್ಲಿ ನಡೆದ ಪ್ರತಿಭಟನೆಯ ಫೋಟೋ ಅದು. ಗುಂಪಿನ ಮಧ್ಯೆ ಒಂದು ಮುಖಕ್ಕೆ ಕೆಂಪು ಸುತ್ತು ಹಾಕಿ, ‘ಬಂದಿದ್ರಂತೆ, ಹೇಳಲೇ ಇಲ್ಲ ಸರ್’ ಅಂತ ಬರೆದಿದ್ದ. ನಾನು ಅವತ್ತು ಹುಬ್ಬಳ್ಳಿಯಲ್ಲಿದ್ದೆ. ಆದರೆ ಫೋಟೋ ನೋಡಿದಾಗ ನನಗೂ ಒಂದು ಕ್ಷಣ ಅನುಮಾನ ಬಂತು. ಅದೇ ಗಡ್ಡ, ಅದೇ ಥರದ ಕನ್ನಡಕ, ಅದೇ ಹಣೆ. ಅಕ್ಕನಿಗೆ ತೋರಿಸಿದರೆ ಅವಳು ಫೋನನ್ನು ಕೈಗೂ ತಗೊಳ್ಳದೆ, ‘ಇದು ನೀನಲ್ಲ ಬಿಡೋ’ ಅಂದಳು. ಹೇಗೆ ಗೊತ್ತಾಯ್ತು ಅಂತ ಕೇಳಿದ್ದಕ್ಕೆ, ‘ಹೇಗೆ ಅಂದ್ರೆ? ನೀನಲ್ಲ ಅಷ್ಟೇ.’

ಈ ಹುಡುಗ ನನ್ನನ್ನು ಎರಡು ಸಲ ಭೇಟಿಯಾಗಿದ್ದ. ಅಕ್ಕ ಮೂವತ್ತು ವರ್ಷದಿಂದ ನೋಡುತ್ತಿದ್ದಾಳೆ. ಅವನು ಮಾಡಿದ ತಪ್ಪು ಇಬ್ಬರ ನಡುವಿನ ತಮಾಷೆಯಾಗಿ ಮುಗಿಯಿತು. ಆದರೆ ಅದೇ ಫೋಟೋ ಪೊಲೀಸ್ ಠಾಣೆಯಲ್ಲಿದ್ದಾಗ ಏನಾಗುತ್ತದೆ? ಅಲ್ಲಿ ನನ್ನ ಅಕ್ಕ ಇರುವುದಿಲ್ಲ. ಒಂದು ಸಾಫ್ಟ್‌ವೇರ್ ಇರುತ್ತದೆ, ಅದು ತೋರಿಸಿದ ಮುಖವನ್ನು ‘ಪರಿಶೀಲಿಸುವ’ ಒಬ್ಬ ಮನುಷ್ಯ ಇರುತ್ತಾನೆ, ಇಬ್ಬರಿಗೂ ನಾನು ಅಪರಿಚಿತ.

ಫೇಸ್ ರೆಕಗ್ನಿಷನ್ ಬಗ್ಗೆ ಯಾರೇ ಪ್ರಶ್ನೆ ಎತ್ತಿದರೂ ಸರ್ಕಾರಗಳು, ಕಂಪನಿಗಳು ಕೊಡುವ ಸಮಾಧಾನ ಒಂದೇ: ‘ಮೆಷಿನ್ ಬರೀ ಸುಳಿವು ಕೊಡುತ್ತದೆ, ಕೊನೆಯ ತೀರ್ಮಾನ ಮನುಷ್ಯನದ್ದು.’ ಕೇಳೋಕೆ ಸರಿಯಾಗೇ ಇದೆ. ಆದರೆ ಈ ಮಾತು ನಿಜವಾಗಬೇಕಾದರೆ ಆ ಮನುಷ್ಯನಿಗೆ ಮೆಷಿನ್‌ನ ತಪ್ಪನ್ನು ಹಿಡಿಯುವ ಶಕ್ತಿ ಇರಬೇಕು, ಹಿಡಿಯುವ ಅವಕಾಶವೂ ಇರಬೇಕು. ಇವೆರಡೂ ಎಷ್ಟರಮಟ್ಟಿಗೆ ಇವೆ ಅನ್ನೋದು ಈ ಲೇಖನದ ವಿಷಯ.

ನಮಗೆ ನಮ್ಮ ಮೇಲಿರುವ ಅತಿಯಾದ ನಂಬಿಕೆ

ಮುಖ ಗುರುತು ಹಿಡಿಯೋದರಲ್ಲಿ ನಾವೆಲ್ಲ ಪಂಟರು ಅಂದುಕೊಂಡಿರುತ್ತೇವೆ. ಆ ಭ್ರಮೆ ಬರುವುದು ಪರಿಚಿತ ಮುಖಗಳಿಂದ. ಅಪ್ಪ ಹೆಲ್ಮೆಟ್ ಹಾಕಿಕೊಂಡು ರಸ್ತೆಯ ಆ ಬದಿ ಹೋದರೂ ಗೊತ್ತಾಗುತ್ತದೆ. ಅಪರಿಚಿತ ಮುಖದ ವಿಷಯದಲ್ಲಿ ನಮ್ಮ ಮೆದುಳು ಬೇರೆಯೇ ಕೆಲಸ ಮಾಡುತ್ತದೆ. ಅಲ್ಲಿ ಅದು ವ್ಯಕ್ತಿಯನ್ನಲ್ಲ, ಆ ಒಂದು ಫೋಟೋವನ್ನು ಗುರುತಿಟ್ಟುಕೊಳ್ಳುತ್ತದೆ.

2011ರಲ್ಲಿ ಬ್ರಿಟನ್ನಿನ ಸಂಶೋಧಕರು ಒಂದು ಸರಳ ಪ್ರಯೋಗ ಮಾಡಿದರು. ನೆದರ್‌ಲ್ಯಾಂಡ್ಸ್‌ನ ಇಬ್ಬರು ಸೆಲೆಬ್ರಿಟಿಗಳ ತಲಾ 20 ಫೋಟೋಗಳನ್ನು ಕಲಸಿ, 40 ಕಾರ್ಡುಗಳ ಕಟ್ಟನ್ನು ಬ್ರಿಟಿಷ್ ವಿದ್ಯಾರ್ಥಿಗಳಿಗೆ ಕೊಟ್ಟು, ‘ಒಬ್ಬೊಬ್ಬ ವ್ಯಕ್ತಿಗೆ ಒಂದೊಂದು ಗುಡ್ಡೆ ಮಾಡಿ’ ಅಂದರು. ಇರುವುದೇ ಇಬ್ಬರು ಅಂತ ಹೇಳಲಿಲ್ಲ. ವಿದ್ಯಾರ್ಥಿಗಳು ಸಾಮಾನ್ಯವಾಗಿ ಏಳೆಂಟು ಗುಡ್ಡೆ ಮಾಡಿದರು. ಅದೇ ಕಟ್ಟನ್ನು ಆ ಸೆಲೆಬ್ರಿಟಿಗಳನ್ನು ಬಲ್ಲ ಡಚ್ಚರಿಗೆ ಕೊಟ್ಟಾಗ, ಎರಡೇ ಗುಡ್ಡೆ. ಅಂದರೆ ಬೆಳಕು, ಕೋನ, ಕೂದಲು, ವಯಸ್ಸು ಬದಲಾದರೆ ಒಬ್ಬನೇ ವ್ಯಕ್ತಿ ನಮಗೆ ನಾಲ್ಕು ಜನರಂತೆ ಕಾಣಬಹುದು. ಇಬ್ಬರು ಬೇರೆ ಬೇರೆ ವ್ಯಕ್ತಿಗಳು ಒಬ್ಬನಂತೆ ಕಾಣುವುದೂ ಇದೇ ಕಾರಣಕ್ಕೆ.

ಸರಿ, ಇದನ್ನೇ ಉದ್ಯೋಗ ಮಾಡಿಕೊಂಡವರಿಗೆ ಅಭ್ಯಾಸ ಇರುತ್ತಲ್ವಾ? ಆಸ್ಟ್ರೇಲಿಯಾದ ಪಾಸ್‌ಪೋರ್ಟ್ ಅಧಿಕಾರಿಗಳ ಮೇಲೆ 2014ರಲ್ಲಿ ನಡೆದ ಅಧ್ಯಯನ ಇದನ್ನೇ ಪರೀಕ್ಷಿಸಿತು. ಎದುರಿಗೆ ಒಬ್ಬ ವ್ಯಕ್ತಿ, ಕೈಯಲ್ಲಿ ಒಂದು ಫೋಟೋ. ಬೇರೆಯವರ ಫೋಟೋ ಇದ್ದಾಗಲೂ ಅಧಿಕಾರಿಗಳು 100ಕ್ಕೆ ಸುಮಾರು 14 ಸಲ ‘ಅದೇ ವ್ಯಕ್ತಿ’ ಅಂತ ಒಪ್ಪಿಕೊಂಡರು. ಫೋಟೋ ಹೋಲಿಸುವ ಪರೀಕ್ಷೆಯಲ್ಲಿ ಅವರು ಕಾಲೇಜು ವಿದ್ಯಾರ್ಥಿಗಳಿಗಿಂತ ಮೇಲಿರಲಿಲ್ಲ. ಎಷ್ಟು ವರ್ಷ ಸರ್ವಿಸ್ ಆಗಿದೆ ಅನ್ನುವುದಕ್ಕೂ ಎಷ್ಟು ಸರಿ ಹೇಳುತ್ತಾರೆ ಅನ್ನುವುದಕ್ಕೂ ಸಂಬಂಧವೇ ಕಾಣಲಿಲ್ಲ. ದಿನವಿಡೀ ಮುಖ ನೋಡುವ ಕೆಲಸ ಕಣ್ಣನ್ನು ತಾನಾಗಿಯೇ ತಿದ್ದುವುದಿಲ್ಲ. ಯಾಕೆಂದರೆ ತಪ್ಪು ಮಾಡಿದಾಗ ‘ನೀನು ತಪ್ಪು’ ಅಂತ ಅವರಿಗೆ ಯಾರೂ ಹೇಳುವುದಿಲ್ಲ.

ಪರಿಣತರು ಮಾಡುವ ಕೆಲಸ

ಹಾಗಂತ ಎಲ್ಲ ಮನುಷ್ಯರನ್ನೂ ಒಂದೇ ಲೆಕ್ಕದಲ್ಲಿ ತಳ್ಳಿಹಾಕುವಂತಿಲ್ಲ. ಫೊರೆನ್ಸಿಕ್ ಲ್ಯಾಬ್‌ಗಳಲ್ಲಿ ತರಬೇತಿ ಪಡೆದ ಮುಖ ಪರೀಕ್ಷಕರ ವಿಧಾನವೇ ಬೇರೆ. ಅವರು ಮುಖವನ್ನು ಇಡಿಯಾಗಿ ನೋಡಿ ‘ಅವನೇ’ ಅನ್ನುವುದಿಲ್ಲ. ಮುಖವನ್ನು ಭಾಗ ಭಾಗ ಮಾಡಿ, ಪಟ್ಟಿ ಹಿಡಿದುಕೊಂಡು ಒಂದೊಂದನ್ನೇ ಹೋಲಿಸುತ್ತಾರೆ. ಹಣೆಯ ಮೇಲೆ ಕೂದಲಿನ ಅಂಚು ಹೇಗಿದೆ, ಮೂಗಿನ ಹೊಳ್ಳೆಯ ಆಕಾರ ಏನು, ಕಿವಿಯ ಒಳಮಡಿಕೆಗಳು ಹೇಗೆ ತಿರುಗಿವೆ, ಕಿವಿಯ ಹಾಲೆ ಕೆನ್ನೆಗೆ ಅಂಟಿದೆಯಾ ಇಲ್ಲಾ ಬಿಡಿಯಾಗಿದೆಯಾ, ಮಚ್ಚೆ ಎಲ್ಲಿದೆ, ಗಾಯದ ಗುರುತು ಯಾವ ದಿಕ್ಕಿಗಿದೆ. ಪ್ರತಿ ವ್ಯತ್ಯಾಸ ಕಂಡಾಗಲೂ ಕೇಳಿಕೊಳ್ಳುತ್ತಾರೆ: ಇದು ಮುಖದ ವ್ಯತ್ಯಾಸವೋ, ಫೋಟೋದ ವ್ಯತ್ಯಾಸವೋ?

ಈ ಪ್ರಶ್ನೆ ಯಾಕೆ ಮುಖ್ಯ ಅನ್ನೋದಕ್ಕೆ ನಿಮ್ಮದೇ ಒಂದು ಸೆಲ್ಫಿ ಸಾಕು. ಫೋನನ್ನು ಮುಖದ ಹತ್ತಿರ ಹಿಡಿದಾಗ ಮೂಗು ದಪ್ಪಗೆ, ಕಿವಿ ಹಿಂದೆ ಸರಿದ ಹಾಗೆ ಕಾಣುತ್ತದೆ. ಅದೇ ಮುಖವನ್ನು ಮೂರು ಮೀಟರ್ ದೂರದಿಂದ ತೆಗೆದರೆ ಅಗಲವಾಗಿ, ಚಪ್ಪಟೆಯಾಗಿ ಕಾಣುತ್ತದೆ. ಕ್ಯಾಮೆರಾದ ದೂರ ಬದಲಾದರೆ ಮುಖದ ಅಳತೆಗಳ ಅನುಪಾತವೇ ಬದಲಾಗುತ್ತದೆ. ಅದಕ್ಕೇ ‘ಎರಡೂ ಫೋಟೋದಲ್ಲಿ ಕಣ್ಣಿನಿಂದ ಮೂಗಿಗೆ ಇರುವ ದೂರ ಇಷ್ಟೇ’ ಅಂತ ಸ್ಕೇಲ್ ಹಿಡಿದು ಹೇಳುವ ವಿಧಾನವನ್ನು ಈ ಕ್ಷೇತ್ರದ ಪರಿಣತರ ಸಂಘಟನೆಗಳೇ ಬಳಸಬೇಡಿ ಅನ್ನುತ್ತವೆ. ಸಿಸಿಟಿವಿ ಇನ್ನೂ ಕಷ್ಟ. ಮೇಲಿನಿಂದ ಇಳಿಜಾರಾಗಿ ನೋಡುವ ಕ್ಯಾಮೆರಾ, ಫೈಲ್ ಚಿಕ್ಕದು ಮಾಡಲು ಹಿಂಡಿದ ವಿಡಿಯೋ. ಮಚ್ಚೆ ಮಾಯವಾಗಬಹುದು, ಇಲ್ಲದ ಕಲೆ ಮೂಡಬಹುದು.

ಇಷ್ಟೆಲ್ಲ ಮಾಡಿದ ಮೇಲೂ ಪರೀಕ್ಷಕರ ಕೈಯಲ್ಲಿ ಒಂದು ಸಂಗತಿ ಇರುವುದಿಲ್ಲ: ಲೆಕ್ಕ. ಈ ಆಕಾರದ ಕಿವಿ ಲಕ್ಷ ಜನರಲ್ಲಿ ಎಷ್ಟು ಮಂದಿಗೆ ಇದೆ? ಡಿಎನ್ಎಗೆ ಅಂಥ ಅಂಕಿಅಂಶ ಇದೆ, ಮುಖಕ್ಕೆ ಇಲ್ಲ. ಆದ್ದರಿಂದ ಅವರು ಕೊಡುವ ಅಭಿಪ್ರಾಯ ‘ಬೆಂಬಲ ಇಲ್ಲ’ದಿಂದ ‘ಬಲವಾದ ಬೆಂಬಲ ಇದೆ’ವರೆಗಿನ ಮೆಟ್ಟಿಲುಗಳಲ್ಲಿ ಇರುತ್ತದೆ. ಆ ಮೆಟ್ಟಿಲುಗಳು ಅನುಭವದಿಂದ ಬಂದವು, ಎಣಿಕೆಯಿಂದಲ್ಲ. 2009ರಲ್ಲಿ ಇಂಗ್ಲೆಂಡಿನ ಕೋರ್ಟ್ ಆಫ್ ಅಪೀಲ್, ಅಟ್ಕಿನ್ಸ್ ಪ್ರಕರಣದಲ್ಲಿ ಇಂಥ ಮೆಟ್ಟಿಲಿನ ಭಾಷೆಯಲ್ಲಿ ಸಾಕ್ಷ್ಯ ಹೇಳಲು ಅವಕಾಶ ಕೊಟ್ಟಿತು. ಆದರೆ ಅದರ ಹಿಂದೆ ಅಂಕಿಅಂಶದ ಆಧಾರ ಇಲ್ಲ ಅನ್ನೋದು ಜ್ಯೂರಿಗೆ ಸ್ಪಷ್ಟವಾಗಿ ಗೊತ್ತಿರಬೇಕು ಅಂತಲೂ ಹೇಳಿತು.

ಇಬ್ಬರನ್ನೂ ಒಂದೇ ಪರೀಕ್ಷೆಗೆ ಕೂರಿಸಿದಾಗ

ಮನುಷ್ಯ ಮತ್ತು ಮೆಷಿನ್ ಎರಡನ್ನೂ ಒಂದೇ ಪ್ರಶ್ನೆಪತ್ರಿಕೆಗೆ ಕೂರಿಸಿದ ಮುಖ್ಯ ಪ್ರಯೋಗ 2018ರದ್ದು. ಅಮೆರಿಕದ ಮಾನಕ ಸಂಸ್ಥೆ ನಿಸ್ಟ್‌ನ ಜೊನಾಥನ್ ಫಿಲಿಪ್ಸ್ ಮತ್ತು ಸಂಗಡಿಗರು 20 ಜೋಡಿ ಮುಖಗಳನ್ನು ಆರಿಸಿದರು, ಬೇಕಂತಲೇ ಕಷ್ಟದವು. 12 ಜೋಡಿಗಳಲ್ಲಿ ಒಬ್ಬನೇ ವ್ಯಕ್ತಿ, 8ರಲ್ಲಿ ಬೇರೆ ಬೇರೆ. ಪ್ರತಿ ಜೋಡಿಗೂ -3ರಿಂದ +3ರವರೆಗೆ ಅಂಕ ಕೊಡಬೇಕು. -3 ಅಂದರೆ ಖಂಡಿತ ಬೇರೆ, +3 ಅಂದರೆ ಖಂಡಿತ ಅವನೇ. ಇದರಲ್ಲಿ 57 ಫೊರೆನ್ಸಿಕ್ ಮುಖ ಪರೀಕ್ಷಕರು ಇದ್ದರು. ಬೆರಳಚ್ಚು ತಜ್ಞರು, ವಿದ್ಯಾರ್ಥಿಗಳು ಕೂಡ ಇದ್ದರು. ಮುಖ ಪರೀಕ್ಷಕರಿಗೆ ಮೂರು ತಿಂಗಳ ಸಮಯ, ತಮ್ಮ ಲ್ಯಾಬ್‌ನ ಉಪಕರಣ ಬಳಸುವ ಅವಕಾಶ. ಇನ್ನೊಂದು ಕಡೆ ನಾಲ್ಕು ಅಲ್ಗಾರಿದಂಗಳು.

ಅಳತೆ ಹೀಗಿತ್ತು: ‘ಒಬ್ಬನೇ’ ಇರುವ ಒಂದು ಜೋಡಿ, ‘ಬೇರೆ’ ಇರುವ ಒಂದು ಜೋಡಿ ತಗೊಂಡರೆ, ಸರಿಯಾದದ್ದಕ್ಕೆ ಹೆಚ್ಚು ಅಂಕ ಕೊಡುವ ಸಂಭವ ಎಷ್ಟು? ನಾಣ್ಯ ಚಿಮ್ಮಿ ಹೇಳಿದರೆ 0.5, ಒಂದೂ ತಪ್ಪಿಲ್ಲದಿದ್ದರೆ 1. ಮಧ್ಯಮ ವಿದ್ಯಾರ್ಥಿ ಪಡೆದದ್ದು 0.68. ಮಧ್ಯಮ ಪರೀಕ್ಷಕ 0.93. ಅಂದರೆ ಪರಿಣತಿ ಅನ್ನೋದು ನಿಜವಾಗಿಯೂ ಇದೆ. ಅಲ್ಗಾರಿದಂಗಳಲ್ಲಿ 2015ರದ್ದು ವಿದ್ಯಾರ್ಥಿಯ ಮಟ್ಟದಲ್ಲಿ, 0.68ರಲ್ಲಿ ಇತ್ತು. 2017ರ ಅತ್ಯುತ್ತಮವಾದದ್ದು 0.96. ಎರಡೇ ವರ್ಷದಲ್ಲಿ ಮೆಷಿನ್ ಮಧ್ಯಮ ಪರಿಣತನನ್ನು ದಾಟಿತ್ತು.

ಈ ಸಂಖ್ಯೆಗಳನ್ನು ‘ಮೆಷಿನ್ ಗೆದ್ದಿತು’ ಅಂತ ಓದಿ ಮುಗಿಸಬಹುದು. ಆದರೆ ಒಳಗೆ ಇನ್ನೂ ಎರಡು ವಿಷಯಗಳಿವೆ. ಒಂದು, ಪರಿಣತರ ನಡುವಿನ ಅಂತರ ದೊಡ್ಡದಿತ್ತು. ಪೂರ್ತಿ ಸರಿ ಹೇಳಿದವರೂ ಇದ್ದರು, ಮಧ್ಯಮ ವಿದ್ಯಾರ್ಥಿಗಿಂತ ಕೆಳಗಿಳಿದವರೂ ಇದ್ದರು. ‘ತಜ್ಞರು ಹೇಳಿದ್ದಾರೆ’ ಅನ್ನೋದು ಅರ್ಧ ಮಾಹಿತಿ ಮಾತ್ರ, ಯಾವ ತಜ್ಞ ಅನ್ನೋದು ಉಳಿದರ್ಧ. ಎರಡು, ಪರಿಣತರ ನಿಜವಾದ ಗುಣ ಕಂಡದ್ದು ಅವರ ಸಂಯಮದಲ್ಲಿ. ಬೇರೆ ಬೇರೆ ವ್ಯಕ್ತಿಗಳ ಜೋಡಿಗೆ ‘ಖಂಡಿತ ಅವನೇ’ ಅಂತ +3 ಕೊಟ್ಟು ಬಿಡುವ ತಪ್ಪನ್ನು ವಿದ್ಯಾರ್ಥಿಗಳು 100ಕ್ಕೆ ಸುಮಾರು 7 ಸಲ ಮಾಡಿದರೆ, ಪರೀಕ್ಷಕರು ಸುಮಾರು 1 ಸಲ ಮಾಡಿದರು. ಗೊತ್ತಿಲ್ಲದಾಗ ಗೊತ್ತಿಲ್ಲ ಅನ್ನೋದೇ ಅವರ ಕಸುಬು.

ಇದೇ ಅಧ್ಯಯನದ ಕೊನೆಯ ಫಲಿತಾಂಶವನ್ನೇ ‘ಮನುಷ್ಯ ಮತ್ತು ಮೆಷಿನ್ ಸೇರಿದರೆ ಉತ್ತಮ’ ಅನ್ನುವವರೆಲ್ಲ ಎತ್ತಿ ತೋರಿಸುತ್ತಾರೆ. ಒಬ್ಬ ಪರೀಕ್ಷಕನ ಅಂಕವನ್ನೂ ಅತ್ಯುತ್ತಮ ಅಲ್ಗಾರಿದಂನ ಅಂಕವನ್ನೂ ಸೇರಿಸಿದಾಗ, ಇಬ್ಬರು ಪರೀಕ್ಷಕರನ್ನು ಸೇರಿಸಿದ್ದಕ್ಕಿಂತ ಒಳ್ಳೆಯ ಉತ್ತರ ಬಂತು. ನಿಜ. ಆದರೆ ಅಲ್ಲಿ ಪರೀಕ್ಷಕನಿಗೆ ಮೆಷಿನ್‌ನ ಅಂಕ ಗೊತ್ತಿರಲಿಲ್ಲ. ಇಬ್ಬರೂ ಬೇರೆ ಬೇರೆ ಉತ್ತರ ಬರೆದರು, ಆಮೇಲೆ ಸಂಶೋಧಕರು ಕೂಡಿಸಿದರು. ಜೊತೆಗೆ ಅವು ಒಳ್ಳೆಯ ಕ್ಯಾಮೆರಾದಲ್ಲಿ ಎದುರಿನಿಂದ ತೆಗೆದ ಫೋಟೋಗಳು, ಅಂಗಡಿಯ ಮೂಲೆಯ ಸಿಸಿಟಿವಿಯವಲ್ಲ. ಪೊಲೀಸ್ ಕೆಲಸದಲ್ಲಿ ಈ ಎರಡೂ ಷರತ್ತುಗಳು ಮುರಿದು ಬೀಳುತ್ತವೆ.

‘ಶೇ 80’ ಅಂದರೆ ಏನಲ್ಲ

ಮೆಷಿನ್ ಮುಖವನ್ನು ಸಂಖ್ಯೆಗಳ ಒಂದು ಉದ್ದ ಸಾಲಾಗಿ ಬದಲಿಸುತ್ತದೆ. ಎರಡು ಮುಖಗಳ ಸಾಲುಗಳು ಎಷ್ಟು ಹತ್ತಿರ ಇವೆ ಅನ್ನೋದೇ ಸ್ಕೋರ್. ಕಂಪನಿ ಅದನ್ನು 0ರಿಂದ 100ರ ಅಳತೆಗೆ ಇಳಿಸಿ ತೋರಿಸುತ್ತದೆ. ಎಂಜಿನಿಯರಿಂಗ್ ಓದಿದ ನನಗೆ ಇಲ್ಲಿ ಕಾಣುವ ದೊಡ್ಡ ಅಪಾಯ ಒಂದೇ: ಸ್ಕೋರ್ 80 ಬಂದರೆ, ಅದು ಅವನೇ ಆಗಿರುವ ಸಂಭವ ಶೇ 80 ಅಂತ ಅರ್ಥವಲ್ಲ. ಒಂದು ಕಂಪನಿಯ 80ಕ್ಕೂ ಇನ್ನೊಂದರ 80ಕ್ಕೂ ಸಂಬಂಧವೇ ಇಲ್ಲದಿರಬಹುದು.

2018ರಲ್ಲಿ ಅಮೆರಿಕದ ನಾಗರಿಕ ಹಕ್ಕು ಸಂಘಟನೆ ಎಸಿಎಲ್‌ಯು, ಅಮೆಜಾನ್‌ನ ರೆಕಗ್ನಿಷನ್ ಸಾಫ್ಟ್‌ವೇರ್‌ಗೆ ಕಾಂಗ್ರೆಸ್ ಸದಸ್ಯರ ಫೋಟೋಗಳನ್ನು ಕೊಟ್ಟು, ಬಂಧಿತರ 25,000 ಫೋಟೋಗಳಲ್ಲಿ ಹುಡುಕಿಸಿತು. 28 ಜನಪ್ರತಿನಿಧಿಗಳು ‘ಆರೋಪಿ’ಗಳಾಗಿ ಸಿಕ್ಕರು! ಬಳಸಿದ್ದು ಸಾಫ್ಟ್‌ವೇರ್‌ನಲ್ಲಿ ಮೊದಲೇ ಇದ್ದ ಶೇ 80ರ ಮಿತಿಯನ್ನು. ಪೊಲೀಸ್ ಕೆಲಸಕ್ಕೆ ಮಿತಿ ಅದಕ್ಕಿಂತ ತುಂಬ ಮೇಲಿರಬೇಕು ಅಂತ ಕಂಪನಿ ಆಮೇಲೆ ವಾದಿಸಿತು.

ದೆಹಲಿ ಪೊಲೀಸರು 2022ರಲ್ಲಿ ಇಂಟರ್ನೆಟ್ ಫ್ರೀಡಂ ಫೌಂಡೇಶನ್‌ನ ಆರ್‌ಟಿಐ ಅರ್ಜಿಗೆ ಕೊಟ್ಟ ಉತ್ತರದಲ್ಲಿ, ಶೇ 80ಕ್ಕಿಂತ ಹೆಚ್ಚು ಹೋಲಿಕೆ ಬಂದರೆ ಅದನ್ನು ಪಾಸಿಟಿವ್ ಎಂದು ಪರಿಗಣಿಸುವುದಾಗಿ ಹೇಳಿದರು. ಅವರ ಸಾಫ್ಟ್‌ವೇರ್ ಬೇರೆ ಇರಬಹುದು, ಆ 80 ಬೇರೆ 80 ಇರಬಹುದು. ಆದರೆ ನಮ್ಮ ಪ್ರಶ್ನೆಯೂ ಅದೇ: ನಿಮ್ಮ ಕ್ಯಾಮೆರಾದ ಗುಣಮಟ್ಟದಲ್ಲಿ, ನಮ್ಮ ಜನರ ಮುಖಗಳ ಮೇಲೆ, 80 ದಾಟಿದವರಲ್ಲಿ ಎಷ್ಟು ಜನ ಬೇರೆಯವರಾಗಿರುತ್ತಾರೆ?

ಒಂದು ಲೆಕ್ಕ ಹಾಕಿ ನೋಡಿ. ಬೇರೆ ಬೇರೆ ವ್ಯಕ್ತಿಗಳ 10 ಲಕ್ಷ ಜೋಡಿಗಳಲ್ಲಿ ಒಂದೇ ಒಂದನ್ನು ತಪ್ಪಾಗಿ ‘ಅವನೇ’ ಅನ್ನುವ, ತುಂಬ ಒಳ್ಳೆಯ ಮೆಷಿನ್ ಇದೆ ಅಂದುಕೊಳ್ಳೋಣ. ಫೋನಿನ ಲಾಕ್ ತೆಗೆಯೋಕೆ ಇದು ಧಾರಾಳ ಸಾಕು, ಯಾಕೆಂದರೆ ಅಲ್ಲಿ ಹೋಲಿಕೆ ಒಂದೇ. ಆದರೆ ಅದೇ ಮೆಷಿನ್‌ಗೆ ಒಂದು ಸಿಸಿಟಿವಿ ಮುಖ ಕೊಟ್ಟು 1 ಕೋಟಿ ಡ್ರೈವಿಂಗ್ ಲೈಸೆನ್ಸ್ ಫೋಟೋಗಳಲ್ಲಿ ಹುಡುಕಿಸಿದರೆ, ಸುಮಾರು 10 ಅಮಾಯಕರು ಮಿತಿ ದಾಟಿ ಪಟ್ಟಿಗೆ ಬರುತ್ತಾರೆ. ನಿಜವಾದ ಆರೋಪಿಯ ಫೋಟೋ ಆ ಡೇಟಾಬೇಸ್‌ನಲ್ಲಿ ಇಲ್ಲದಿದ್ದರೆ ಪಟ್ಟಿಯಲ್ಲಿರುವವರೆಲ್ಲ ಅಮಾಯಕರೇ.

ಈಗ ಆ ಪಟ್ಟಿ ಮನುಷ್ಯನ ಮುಂದೆ ಬರುತ್ತದೆ. ಅದರಲ್ಲಿರುವವರು ದಾರಿಹೋಕರಲ್ಲ, ಕೋಟಿ ಜನರನ್ನು ಸೋಸಿ ತೆಗೆದ, ಆರೋಪಿಯಂತೆಯೇ ಕಾಣುವ ಹತ್ತು ಜನ. ಮನುಷ್ಯನಿಗೆ ಇದಕ್ಕಿಂತ ಕಷ್ಟದ ಪ್ರಶ್ನೆಪತ್ರಿಕೆ ಇರಲು ಸಾಧ್ಯವಿಲ್ಲ. 2015ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಪಾಸ್‌ಪೋರ್ಟ್ ವ್ಯವಸ್ಥೆಯ ಇಂಥದೇ ಪಟ್ಟಿಗಳನ್ನು ಕೊಟ್ಟು ಪರೀಕ್ಷಿಸಿದಾಗ, ವಿದ್ಯಾರ್ಥಿಗಳೂ ಆ ಕೆಲಸವನ್ನೇ ಮಾಡುವ ಸಿಬ್ಬಂದಿಯೂ ಸುಮಾರು ಅರ್ಧದಷ್ಟು ಸಲ ತಪ್ಪಿದರು. ವಿಶೇಷ ತರಬೇತಿ ಪಡೆದ ಪರೀಕ್ಷಕರು ಅವರಿಗಿಂತ ಶೇ 20 ಅಂಶಗಳಷ್ಟು ಮೇಲಿದ್ದರು, ಆದರೂ ತಪ್ಪು ನಿಂತಿರಲಿಲ್ಲ.

ಡೆಟ್ರಾಯಿಟ್‌ನಲ್ಲಿ ಆದದ್ದು

ಈ ಸರಪಳಿ ನಿಜಜೀವನದಲ್ಲಿ ಹೇಗೆ ಕೆಲಸ ಮಾಡುತ್ತದೆ ಅನ್ನೋದಕ್ಕೆ ಅಮೆರಿಕದ ಡೆಟ್ರಾಯಿಟ್‌ನ ಒಂದು ಪ್ರಕರಣ ನೋಡಿ. 2018ರ ಅಕ್ಟೋಬರ್‌ನಲ್ಲಿ ಅಂಗಡಿಯೊಂದರಿಂದ 3,800 ಡಾಲರ್ ಬೆಲೆಯ ವಾಚುಗಳು ಕಳುವಾದವು. ಸಿಸಿಟಿವಿಯಲ್ಲಿ ಕ್ಯಾಪ್ ಹಾಕಿದ ಒಬ್ಬ ಕಪ್ಪು ವರ್ಣದ ವ್ಯಕ್ತಿಯ ಮಸುಕು ಚಿತ್ರ. ಮಿಷಿಗನ್ ರಾಜ್ಯ ಪೊಲೀಸರು ಅದನ್ನು ಸಾಫ್ಟ್‌ವೇರ್‌ಗೆ ಹಾಕಿದಾಗ ಬಂದ ಪಟ್ಟಿಯಲ್ಲಿ ಒಬ್ಬರ ಹಳೆಯ, ಅವಧಿ ಮುಗಿದ ಡ್ರೈವಿಂಗ್ ಲೈಸೆನ್ಸ್ ಫೋಟೋ ಇತ್ತು, ಒಂಬತ್ತನೇ ಸ್ಥಾನದಲ್ಲಿ. ಪಟ್ಟಿ ನೋಡಿದ ಮನುಷ್ಯ ಆರಿಸಿದ್ದು ಆ ಒಂಬತ್ತನೆಯವರನ್ನು. ವರದಿಯಲ್ಲಿ ‘ಇದು ಗುರುತು ಖಚಿತಪಡಿಸುವುದಲ್ಲ, ತನಿಖೆಗೆ ಸುಳಿವು ಮಾತ್ರ’ ಎಂದು ದಪ್ಪ ಅಕ್ಷರದಲ್ಲೇ ಇತ್ತು.

ಮುಂದಿನ ಹೆಜ್ಜೆ ಸ್ವತಂತ್ರ ಸಾಕ್ಷ್ಯ ಹುಡುಕುವುದಾಗಬೇಕಿತ್ತು. ಅವತ್ತು ಆ ವ್ಯಕ್ತಿ ಎಲ್ಲಿದ್ದರು ಅಂತ ವಿಚಾರಿಸಬೇಕಿತ್ತು. ಅದರ ಬದಲು ಪೊಲೀಸರು ಆರು ಫೋಟೋಗಳ ಸಾಲಿನಲ್ಲಿ ಇವರ ಫೋಟೋ ಸೇರಿಸಿ, ಅಂಗಡಿಯ ಭದ್ರತಾ ಗುತ್ತಿಗೆಯ ಉದ್ಯೋಗಿಗೆ ತೋರಿಸಿದರು. ಆಕೆ ಕಳ್ಳತನ ಕಣ್ಣಾರೆ ಕಂಡವಳಲ್ಲ, ಅದೇ ವಿಡಿಯೋ ನೋಡಿದವಳು. ಆಕೆ ಇವರನ್ನೇ ತೋರಿಸಿದಳು. ಕಾಗದದ ಮೇಲೆ ಈಗ ಮೂರು ಆಧಾರಗಳಾದವು: ಮೆಷಿನ್, ಪರಿಶೀಲಿಸಿದ ಅಧಿಕಾರಿ, ‘ಸಾಕ್ಷಿ’. ನಿಜದಲ್ಲಿ ಇದ್ದದ್ದು ಒಂದೇ ಮಸುಕು ಚಿತ್ರ, ಮೂರು ಸಲ ನೋಡಿದ್ದು. ಆರೋಪಿಯಂತೆ ಕಾಣುತ್ತಾರೆ ಅಂತಲೇ ಮೆಷಿನ್ ಆರಿಸಿದ ವ್ಯಕ್ತಿಯನ್ನು ಐದು ಬೇರೆ ಫೋಟೋಗಳ ಜೊತೆ ಇಟ್ಟರೆ, ಆರೋಪಿಯಂತೆ ಹೆಚ್ಚು ಕಾಣುವುದು ಅವರೇ ತಾನೇ?

2020ರ ಜನವರಿಯಲ್ಲಿ ಅವರನ್ನು ಮನೆಯ ಮುಂದೆ, ಹೆಂಡತಿ ಮತ್ತು ಪುಟ್ಟ ಹೆಣ್ಣುಮಕ್ಕಳ ಎದುರೇ ಬಂಧಿಸಿ, ಸುಮಾರು 30 ಗಂಟೆ ಕೂಡಿಹಾಕಿದರು. ವಿಚಾರಣೆಯ ಕೋಣೆಯಲ್ಲಿ ಅವರು ಆ ಸಿಸಿಟಿವಿ ಚಿತ್ರವನ್ನು ತಮ್ಮ ಮುಖದ ಪಕ್ಕ ಹಿಡಿದು ತೋರಿಸಬೇಕಾಯಿತು. ಕೇಸು ಬಿದ್ದುಹೋಯಿತು. 2024ರಲ್ಲಿ ನಗರಾಡಳಿತ 3 ಲಕ್ಷ ಡಾಲರ್ ಪರಿಹಾರಕ್ಕೆ ಒಪ್ಪಿತು. ಜೊತೆಗೆ, ಮೆಷಿನ್ ಸುಳಿವಿನ ಬೆನ್ನಿಗೇ ಫೋಟೋ ಸಾಲು ತೋರಿಸಿ ಅದರ ಮೇಲಷ್ಟೇ ಬಂಧಿಸುವಂತಿಲ್ಲ ಎಂಬ ನಿಯಮ ಬಂತು.

ಕ್ರಮ ಬದಲಾದರೆ ಅರ್ಥ ಬದಲಾಗುತ್ತದೆ

ಇಬ್ಬರು ತೀರ್ಪುಗಾರರು ತಲಾ ಹತ್ತರಲ್ಲಿ ಒಂದು ಸಲ ತಪ್ಪುತ್ತಾರೆ ಅನ್ನೋಣ. ಒಬ್ಬರ ಉತ್ತರ ಇನ್ನೊಬ್ಬರಿಗೆ ಗೊತ್ತಿಲ್ಲದಿದ್ದರೆ, ಇಬ್ಬರ ತಪ್ಪುಗಳ ಕಾರಣವೂ ಬೇರೆಯಾಗಿದ್ದರೆ, ಇಬ್ಬರೂ ಒಟ್ಟಿಗೆ ತಪ್ಪುವುದು ನೂರರಲ್ಲಿ ಒಂದು ಸಲ. ಎರಡನೆಯವರು ಮೊದಲನೆಯವರ ಉತ್ತರ ನೋಡಿ ‘ಹೌದು’ ಅಂದರೆ, ಮತ್ತೆ ಹತ್ತರಲ್ಲಿ ಒಂದೇ. ಸಹಿ ಎರಡಾದರೂ ಮಾಹಿತಿ ಒಂದೇ. ಮೆಷಿನ್‌ನ ಉತ್ತರ ಮೊದಲೇ ತಿಳಿಸಿದರೆ ಮನುಷ್ಯರ ತೀರ್ಮಾನ ಆ ಕಡೆಗೆ ವಾಲುತ್ತದೆ ಅನ್ನೋದನ್ನು 2020ರಲ್ಲಿ ಪ್ರಕಟವಾದ ಪ್ರಯೋಗವೊಂದು ತೋರಿಸಿದೆ. ಅದೇ ಜೋಡಿ ಮುಖಗಳ ಜೊತೆ ‘ಒಬ್ಬನೇ’ ಎಂಬ ಮಾತು ಬಂದಾಗ ಜನ ‘ಒಬ್ಬನೇ’ ಕಡೆಗೆ, ‘ಬೇರೆ’ ಎಂದಾಗ ‘ಬೇರೆ’ ಕಡೆಗೆ ಸರಿದರು.

ಮೆಷಿನ್ ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ಒಳ್ಳೆಯ ಫೋಟೋಗಳಲ್ಲಿ ಅದು ನನಗಿಂತ, ಬಹುತೇಕ ಪೊಲೀಸರಿಗಿಂತ ಚೆನ್ನಾಗಿ ನೋಡುತ್ತದೆ. ಆದರೆ ಅದಕ್ಕೆ ಕಾರಣ ಹೇಳಲು ಬರುವುದಿಲ್ಲ. ‘ಈ ಚಿತ್ರ ಹೋಲಿಕೆಗೇ ಯೋಗ್ಯವಲ್ಲ’ ಅಂತ ಕಾರಣ ಕೊಟ್ಟು ವಾಪಸ್ ಕಳಿಸಲು ಒಳ್ಳೆಯ ಪರೀಕ್ಷಕನಿಗೆ ಬರುತ್ತದೆ. ಆ ಕೆಲಸ ಅವನಿಂದ ಆಗಬೇಕಾದರೆ ಅವನಿಗೆ ಸ್ಕೋರ್ ತೋರಿಸಬಾರದು. ಸಿಸಿಟಿವಿ ಚಿತ್ರದಲ್ಲಿ ಏನೇನು ಕಾಣುತ್ತಿದೆ ಅಂತ ಮೊದಲು ಬರೆಸಿಕೊಂಡು, ಆಮೇಲೆ ಪಟ್ಟಿಯ ಮುಖಗಳನ್ನು ಸ್ಥಾನ ಅಳಿಸಿ, ಕಲಸಿ ಕೊಡಬೇಕು. ‘ಇವರಲ್ಲಿ ಯಾರೂ ಅಲ್ಲ’ ಅನ್ನೋದೂ ಒಂದು ಗೌರವದ ಉತ್ತರವಾಗಿರಬೇಕು.

2020ರ ಮಾರ್ಚ್‌ನಲ್ಲಿ ದೆಹಲಿ ಗಲಭೆಯ ಬಗ್ಗೆ ಲೋಕಸಭೆಯಲ್ಲಿ ಮಾತಾಡಿದ ಗೃಹ ಸಚಿವ ಅಮಿತ್ ಶಾ, ವೋಟರ್ ಐಡಿ ಮತ್ತು ಡ್ರೈವಿಂಗ್ ಲೈಸೆನ್ಸ್ ಮಾಹಿತಿ ಹಾಕಿ ಫೇಸ್ ರೆಕಗ್ನಿಷನ್ ಮೂಲಕ 1,100ಕ್ಕೂ ಹೆಚ್ಚು ಜನರನ್ನು ಗುರುತಿಸಲಾಗಿದೆ ಎಂದಿದ್ದರು. ಈ ಸಾಫ್ಟ್‌ವೇರ್‌ಗೆ ಮುಖದ ಹೊರತು ಬೇರೇನೂ ಕಾಣುವುದಿಲ್ಲ ಎಂಬ ಅರ್ಥದ ಮಾತನ್ನೂ ಆಡಿದ್ದರು. ಆದರೆ ಅದು ಕೊಡುವುದು ಒಂದು ಪಟ್ಟಿಯನ್ನು. ಅದರಿಂದ ಒಬ್ಬರನ್ನು ಹೆಕ್ಕುವುದು ಮನುಷ್ಯ, ಅವನಿಗೆ ಬೇರೆಯದೂ ಕಾಣುತ್ತದೆ.

ನಮ್ಮ ಕೋರ್ಟುಗಳಲ್ಲಿ ತಜ್ಞರ ಅಭಿಪ್ರಾಯ ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 39ನೇ ಸೆಕ್ಷನ್ ಅಡಿ ಬರುತ್ತದೆ. ತಜ್ಞ ತನ್ನ ತೀರ್ಮಾನವನ್ನಷ್ಟೇ ಅಲ್ಲ, ಅದನ್ನು ಪರೀಕ್ಷಿಸಲು ಬೇಕಾದ ವೈಜ್ಞಾನಿಕ ಆಧಾರವನ್ನೂ ಕೋರ್ಟಿಗೆ ಕೊಡಬೇಕು ಅನ್ನೋದು ಸುಪ್ರೀಂ ಕೋರ್ಟ್ 1999ರ ಜೈ ಲಾಲ್ ಪ್ರಕರಣದಲ್ಲಿ ಹೇಳಿದ ಮಾತು. ಹಾಗಾಗಿ ‘ಮುಖ ಮ್ಯಾಚ್ ಆಗಿದೆ’ ಎಂಬ ಒಂದು ಸಾಲು ಎದುರಾದಾಗ ವಕೀಲರು, ಪತ್ರಕರ್ತರು, ನಾವು ನೀವು ಕೇಳಬೇಕಾದದ್ದು ನಾಲ್ಕೇ: ಎಷ್ಟು ಮುಖಗಳ ನಡುವೆ ಹುಡುಕಿದಿರಿ? ಇವರು ಪಟ್ಟಿಯಲ್ಲಿ ಎಷ್ಟನೆಯವರು? ನೋಡಿದ ಪರೀಕ್ಷಕರಿಗೆ ಮೆಷಿನ್‌ನ ಉತ್ತರ ಮೊದಲೇ ಗೊತ್ತಿತ್ತಾ? ಮುಖ ಬಿಟ್ಟು ಬೇರೆ ಏನು ಆಧಾರ ಇದೆ?

ಕೊನೆಯ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇತ್ತು. ಫ್ರೀಡಂ ಪಾರ್ಕ್‌ನ ಫೋಟೋ ತೆಗೆದ ದಿನದ ಹುಬ್ಬಳ್ಳಿ ಟಿಕೆಟ್ ಇನ್ನೂ ಫೋನಿನಲ್ಲಿತ್ತು. ಎಲ್ಲರ ಹತ್ತಿರ ಟಿಕೆಟ್ ಇರುವುದಿಲ್ಲ. ಅಲ್ಲಿರಲಿಲ್ಲ ಅಂತ ಸಾಬೀತು ಮಾಡುವ ಹೊಣೆ ನಮ್ಮ ಮೇಲೆ ಬೀಳುವುದಕ್ಕೆ ಮೊದಲೇ ಉಳಿದ ಮೂರನ್ನು ಕೇಳಬೇಕು.